ಊಟ ಆದ ಮೇಲೆ ಲಗೋರಿ ಬೇಡ

ಆಫೀಸಿನವರನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಏನೇನು ಆಟ ಇದೆ ಮೇಡಂ?" ಅಂತ. ನಾನು ಮೊದಲು ನೋಡುವುದು ಯಾವುದರ ನಂತರ ಯಾವುದು ಅನ್ನುವುದನ್ನು. ದಿನ ಕೆಡುವುದು ಸಾಮಾನ್ಯವಾಗಿ ಅಲ್ಲೇ.

ಶುರುವಿನಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೆ. ಹೋಳಿಗೆ ಊಟ ಹಾಕಿಸಿ, ಎರಡು ಗಂಟೆಗೆ ಹಗ್ಗ ಜಗ್ಗಾಟ ಇಟ್ಟೆ. ಒಬ್ಬರಿಗೆ ವಾಂತಿಯಾಯಿತು, ಇಬ್ಬರು ತಲೆನೋವು ಅಂತ ಬಸ್ಸಿನಲ್ಲಿ ಹೋಗಿ ಮಲಗಿದರು. ಉಳಿದವರು ನನ್ನ ಮುಖ ನೋಡಿಕೊಂಡು ಆಡಿದರು ಅಷ್ಟೇ. ಅವತ್ತಿನಿಂದ ಕ್ರಮವನ್ನೇ ಬದಲಿಸಿದೆ: ಬೆಳಿಗ್ಗೆ ಸುತ್ತಾಟ, ಮಧ್ಯಾಹ್ನ ಊಟ, ಊಟದ ಮೇಲೆ ಮೌನ, ಬಿಸಿಲು ಇಳಿದ ಮೇಲೆ ಆಟ.

ದಾವಣಗೆರೆಯ ಒಂದು ಆಫೀಸಿನ 24 ಜನರಿಗೆ ಡಿಸೆಂಬರಿನಲ್ಲಿ ಚಿತ್ರದುರ್ಗದ ಚಂದ್ರವಳ್ಳಿಗೆ ಹಾಕಿಕೊಟ್ಟ ಪ್ಲಾನ್ ಹೀಗಿತ್ತು. ಆರೂವರೆಗೆ ಬಸ್ಸು. ಹೋಗುವಾಗ ಬೆಣ್ಣೆ ದೋಸೆ ತಿನ್ನೋಣ ಅಂತ ಎಲ್ಲರೂ ಹಟ ಹಿಡಿದರು. ನಾನು ಒಪ್ಪಲಿಲ್ಲ. ದೋಸೆ ಹೆಂಚಿನಿಂದ ನಾಲ್ಕು ನಾಲ್ಕಾಗಿ ಏಳುತ್ತದೆ. 24 ಜನರಿಗೆ ಎರಡೆರಡು ಬರುವಷ್ಟರಲ್ಲಿ ಒಂದು ಗಂಟೆ ಹೋಗುತ್ತದೆ. ಅದು ಬೆಳಗಿನ ತಂಪು ಗಂಟೆ, ಬಂಡೆ ಕಾಯುವ ಮೊದಲು ನಡೆಯಬೇಕಾದ ಗಂಟೆ. ಇಡ್ಲಿ ಕಟ್ಟಿಸಿಕೊಂಡು ಬಸ್ಸಿನಲ್ಲೇ ತಿಂದೆವು.

ಚಂದ್ರವಳ್ಳಿ ಅಂದರೆ ಗುಡ್ಡಗಳ ನಡುವೆ ಒಂದು ಕೆರೆ, ಪಕ್ಕದಲ್ಲಿ ಅಂಕಲಿ ಮಠದ ಗುಹೆ. ಗುಹೆಯೊಳಗೆ ಪೂರ್ತಿ ಕತ್ತಲೆ, ದಾರಿ ಇಕ್ಕಟ್ಟು. ಟಾರ್ಚ್ ಇಟ್ಟುಕೊಂಡ ಗೈಡ್ ಇಲ್ಲದೆ ಇಳಿಯಬಾರದು. ಹನ್ನೆರಡು ಹನ್ನೆರಡು ಜನರಂತೆ ಎರಡು ತಂಡ ಮಾಡಿದೆ. ಇಳಿಯುವ ಮೊದಲು ಎಲ್ಲರ ಮುಂದೆ "ಯಾರಿಗೆ ಭಯ?" ಅಂತ ಕೇಳಬೇಡಿ, ಯಾರೂ ಕೈ ಎತ್ತುವುದಿಲ್ಲ. "ಹೊರಗೆ ಬ್ಯಾಗ್ ಕಾಯೋಕೆ ಮೂರ್ನಾಲ್ಕು ಜನ ಬೇಕು" ಅನ್ನಿ. ಇಕ್ಕಟ್ಟು ಆಗದವರು ತಾವಾಗಿಯೇ ಉಳಿಯುತ್ತಾರೆ. ಬ್ಯಾಗ್ ಕಾಯುವುದೂ ಬೇಕಾದದ್ದೇ, ಕೋತಿಗಳು ಜಾಸ್ತಿ.

ಒಂದು ತಂಡ ಒಳಗಿದ್ದಾಗ ಇನ್ನೊಂದು ತಂಡ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮುಂದೆ ಇತ್ತು. ಕದಂಬರ ಮಯೂರಶರ್ಮ ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಅಲ್ಲಿದೆ. ಶಾಸನ ಓದಲು ಆಗುವುದಿಲ್ಲ, ಅಕ್ಷರ ಸವೆದಿವೆ. ಆದರೆ ಅಲ್ಲೇ ನಿಂತು ತಿರುಗಿ ಕೆರೆ ನೋಡಿದಾಗ ಅಕೌಂಟ್ಸ್ ವಿಭಾಗದ ಹುಡುಗಿ, "ಮಯೂರಶರ್ಮ ಮಾಡಿಸಿದ ಕೆಲಸ ಇಲ್ಲಿಯದೇನಾ?" ಅಂತ ಕೇಳಿದಳು. ಅಂಥ ಪ್ರಶ್ನೆ ಬಂತು ಅಂದರೆ ಸುತ್ತಾಟ ಸಾಕು, ಇನ್ನೊಂದು ಜಾಗ ಸೇರಿಸುವ ಆಸೆ ಬೇಡ. ಕೋಟೆಯನ್ನೂ ಅದೇ ದಿನ ತುರುಕಿದರೆ ಮಧ್ಯಾಹ್ನದ ಮೌನ ಹೋಗುತ್ತದೆ.

ಊಟ ಮನೆಯಲ್ಲಿ ರೊಟ್ಟಿ ಮಾಡಿ ಕೊಡುವ ಒಬ್ಬ ಅಕ್ಕನಿಂದ. ತಲೆಗೆ ಮೂರರಂತೆ 72 ರೊಟ್ಟಿ, ಮೇಲೆ ಹತ್ತು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಮೊಸರನ್ನದಲ್ಲಿ ಒಂದು ಗುಟ್ಟಿದೆ. ಬೆಳಿಗ್ಗೆ ಮೊಸರೇ ಜಾಸ್ತಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿ. ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ, ಒಂದೆರಡು ಚಮಚ ಮೊಸರು ಸೇರಿಸಿದರೆ ದಾರಿಯಲ್ಲೇ ಹದವಾಗಿ ಹೆಪ್ಪಾಗುತ್ತದೆ. ಬಡಿಸುವವರು ಮ್ಯಾನೇಜರ್‌ಗಳು. ಅದನ್ನು ಮೊದಲೇ ಅವರಿಗೆ ಹೇಳಿಟ್ಟಿರುತ್ತೇನೆ.

ಊಟ ಆದ ಮೇಲೆ ನಲವತ್ತು ನಿಮಿಷ ಮೌನ. ಹೆಚ್ಚು ಕೆಡುವುದು ಇದೇ. ಸುಮ್ನೆ "ರೆಸ್ಟ್ ಮಾಡಿ" ಅಂದರೆ ಎಲ್ಲರೂ ಫೋನ್ ತೆಗೆಯುತ್ತಾರೆ. ಅದಕ್ಕೆ ಫೋನ್‌ಗಳನ್ನು ಒಂದು ಚೀಲಕ್ಕೆ ಹಾಕಿಸಿ, ನನ್ನ ನಂಬರನ್ನು ಹಿಂದಿನ ದಿನವೇ ಎಲ್ಲರ ಮನೆಗೆ ಕೊಡಿಸಿರುತ್ತೇನೆ. ಮನೆಯಿಂದ ಕರೆ ಬಂದರೆ ನಾನೇ ಹೋಗಿ ಹೇಳುತ್ತೇನೆ. ಆ ಧೈರ್ಯ ಇಲ್ಲದಿದ್ದರೆ, ಮನೆಯಲ್ಲಿ ಚಿಕ್ಕ ಮಗು ಬಿಟ್ಟು ಬಂದವರು ಹೇಗೆ ಸುಮ್ಮನೆ ಕೂರುತ್ತಾರೆ? ಪ್ರತಿಯೊಬ್ಬರೂ ಒಂದೊಂದು ಮರದ ಕೆಳಗೆ, ಸೀಟಿ ಕೇಳುವಷ್ಟು ಹತ್ತಿರ, ಮಾತು ಕೇಳದಷ್ಟು ದೂರ. ನೀರಿಗೆ ಇಳಿಯುವಂತಿಲ್ಲ. ಮೊದಲ ಹತ್ತು ನಿಮಿಷ ಚಡಪಡಿಕೆ. ಆಮೇಲೆ ಹೆಗಲು ಇಳಿಯುವುದು ದೂರದಿಂದಲೇ ಕಾಣುತ್ತದೆ. ಸೇಲ್ಸ್‌ನ ಹಿರಿಯರೊಬ್ಬರು ಶೂ ಬಿಚ್ಚಿ, ಅಂಗಾಲು ಮಣ್ಣಿಗಿಟ್ಟು, ಕೊನೆಯವರೆಗೂ ಕೆರೆ ನೋಡುತ್ತಾ ಕೂತಿದ್ದರು.

ನಾಲ್ಕಕ್ಕೆ ಲಗೋರಿ. ಗುಹೆ, ಶಾಸನದಿಂದ ದೂರದ ಬಯಲಿನಲ್ಲಿ, ಅಲ್ಲಿಯ ಕಾವಲಿನವರನ್ನು ಮೊದಲೇ ಕೇಳಿಕೊಂಡು. ತಂಡ ಚೀಟಿ ಎತ್ತಿ ಮಾಡಿದ್ದು, ವಿಭಾಗದ ಪ್ರಕಾರ ಮಾಡಿದರೆ ಆಫೀಸಿನ ಜಗಳ ಬಯಲಿಗೂ ಬರುತ್ತದೆ. ಚೆಂಡು ಬಟ್ಟೆಯದು. ಓಡಲಾರದವರಿಗೆ ನೆರಳಿನಲ್ಲಿ ಚೌಕಾಬಾರ. ಅದನ್ನು ಸಮಾಧಾನದ ಬಹುಮಾನದ ಹಾಗೆ ಕೊಡಬೇಡಿ, ಅದರ ಅಂಕವನ್ನೂ ತಂಡದ ಲೆಕ್ಕಕ್ಕೇ ಸೇರಿಸಿ. ಅವತ್ತು ಗೆದ್ದ ತಂಡಕ್ಕೆ ಕೊನೆಯ ಅಂಕ ಬಂದದ್ದು ಚೌಕಾಬಾರದಿಂದಲೇ.

ಐದೂವರೆಗೆ ಹೊರಟೆವು. ಬೆಳಿಗ್ಗೆ ತಪ್ಪಿದ ಬೆಣ್ಣೆ ದೋಸೆ ದಾವಣಗೆರೆಯಲ್ಲಿ ರಾತ್ರಿ ಸಿಕ್ಕಿತು. ಹೆಂಚಿನ ಮುಂದೆ ಕಾಯುವುದು ಆಗ ಯಾರಿಗೂ ಬೇಸರವಾಗಲಿಲ್ಲ.