ಅಂಚಿಗೆ ಚಿಕ್ಕಿ ಪಾಕ, ನಡುವಿಗೆ ಉಂಡೆ ಪಾಕ

ಕಡಲೆಬೀಜದ ಚಿಕ್ಕಿ ಮಾಡಿ ಗೊತ್ತಿರುವವರಿಗೆ ಕುಕೀ ಬೇಯಿಸುವ ವಿದ್ಯೆ ಅರ್ಧ ಬಂದಂತೆಯೇ. ಬೆಲ್ಲದ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಅದು ಬೆರಳಿಗೆ ಮೆತ್ತಗೆ ಉಂಡೆಯಾಗಿ ಸಿಕ್ಕರೆ ಉಂಡೆ ಪಾಕ. ಇನ್ನಷ್ಟು ಹೊತ್ತು ಕುದಿಸಿದರೆ ಅದೇ ಹನಿ ಗಟ್ಟಿಯಾಗಿ ಪಟ್ ಎಂದು ಮುರಿಯುತ್ತದೆ, ಅದು ಚಿಕ್ಕಿ ಪಾಕ. ಎರಡರಲ್ಲೂ ಬೆಲ್ಲ ಒಂದೇ, ಒಳಗೆ ಉಳಿದ ನೀರು ಮಾತ್ರ ಬೇರೆ. ಓವನ್ನಿನೊಳಗೆ ಕುಕೀಯಲ್ಲಿ ನಡೆಯುವುದೂ ಇದೇ. ಸಕ್ಕರೆ ಕರಗಿ ಹಿಟ್ಟಿನ ಸಂದುಗಳಲ್ಲಿ ಪಾಕವಾಗುತ್ತದೆ. ತೆಳ್ಳಗಿನ ಅಂಚಿನಿಂದ ನೀರು ಬೇಗ ಹೋಗಿ, ಅಲ್ಲಿನ ಪಾಕ ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ನಡುಭಾಗದಲ್ಲಿ ನೀರು ಉಳಿದು, ಅಲ್ಲಿನ ಪಾಕ ಆರಿದ ಮೇಲೂ ಮೆತ್ತಗೆ, ಅಗಿಯುವ ಹಾಗೆ ಇರುತ್ತದೆ. ಒಂದೇ ಕುಕೀಯಲ್ಲಿ ಈ ಎರಡೂ ಪಾಕ ಬೇಕೆಂದರೆ ಅಂಚು ಒಣಗುವ ವೇಗಕ್ಕೂ ನಡುವು ಒಣಗುವ ವೇಗಕ್ಕೂ ದೊಡ್ಡ ಅಂತರವಿರಬೇಕು. ಆ ಅಂತರವನ್ನು ಹೆಚ್ಚು ಕಡಿಮೆ ಮಾಡುವುದು ಶಾಖ. ಯಾವ ಗಳಿಗೆಯಲ್ಲಿ ಅದನ್ನು ಹಿಡಿದು ನಿಲ್ಲಿಸಬೇಕು ಎಂದು ಹೇಳುವುದು ಸಮಯ.

ಇದನ್ನು ಕಣ್ಣಾರೆ ನೋಡಲು ಒಂದೇ ಹಿಟ್ಟನ್ನು ಮೂರು ಶಾಖದಲ್ಲಿ ಬೇಯಿಸಬೇಕು. ಬೆಣ್ಣೆ 110 ಗ್ರಾಂ, ಬೆಲ್ಲದ ಪುಡಿ ಅಥವಾ ಬ್ರೌನ್ ಶುಗರ್ 100 ಗ್ರಾಂ, ಸಕ್ಕರೆ 60 ಗ್ರಾಂ, ಮೊಟ್ಟೆ ಒಂದು, ಮೈದಾ 170 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ, ಉಪ್ಪು ಅರ್ಧ ಟೀ ಚಮಚ, ಚಾಕೊಲೇಟ್ ಚೂರು 120 ಗ್ರಾಂ. ಮೆತ್ತಗಾದ ಬೆಣ್ಣೆಗೆ ಬೆಲ್ಲ, ಸಕ್ಕರೆ ಹಾಕಿ ಎರಡು ನಿಮಿಷ ಕಲಸಿ, ಮೊಟ್ಟೆ ಸೇರಿಸಿ. ಆಮೇಲೆ ಸೋಡಾ, ಉಪ್ಪು ಬೆರೆಸಿ ಜರಡಿ ಹಿಡಿದ ಮೈದಾ ಹಾಕಿ, ಒಣಹಿಟ್ಟು ಕಾಣದಿದ್ದರೆ ಕಲಸುವುದನ್ನು ನಿಲ್ಲಿಸಿ. ಚಾಕೊಲೇಟ್ ಕೊನೆಗೆ. ಒಟ್ಟು 600 ಗ್ರಾಂಗೆ ತುಸು ಮೇಲೆ ಹಿಟ್ಟಾಗುತ್ತದೆ. 40 ಗ್ರಾಂ ತೂಗಿ ಹದಿನೈದು ಉಂಡೆ ಕಟ್ಟಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಕಣ್ಣಳತೆ ಸಾಲದು, ತೂಗಲೇಬೇಕು. 30 ಗ್ರಾಂನ ಉಂಡೆಯೂ 50 ಗ್ರಾಂನ ಉಂಡೆಯೂ ಒಂದೇ ತಟ್ಟೆಯಲ್ಲಿದ್ದರೆ ಯಾವ ಸಮಯವೂ ಎರಡಕ್ಕೂ ಸರಿಹೊಂದದು.

ಮೊದಲ ಐದನ್ನು 150 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಬೇಯಿಸಿ. ಬೆಣ್ಣೆ 35 ಡಿಗ್ರಿಯೊಳಗೇ ಕರಗಿಬಿಡುತ್ತದೆ. ಆದರೆ ಮೊಟ್ಟೆ, ಹಿಟ್ಟು ಬಿಗಿದು ಆಕಾರ ನಿಲ್ಲಲು ಇನ್ನೂ ಬಹಳ ಬಿಸಿಯಾಗಬೇಕು. ಮಂದ ಶಾಖದಲ್ಲಿ ಈ ಎರಡರ ನಡುವೆ ಬೇಕಾದಷ್ಟು ಹೊತ್ತು ಸಿಗುವುದರಿಂದ ಉಂಡೆ ಹರಡುತ್ತಲೇ ಹೋಗುತ್ತದೆ. ಅಗಲವಾಗಿ, ತೆಳ್ಳಗೆ ಆದ ಕುಕೀಯಲ್ಲಿ ಅಂಚು ಯಾವುದು, ನಡುವು ಯಾವುದು ಎಂಬ ಭೇದವೇ ಉಳಿಯುವುದಿಲ್ಲ. ಇಡೀ ಕುಕೀ ಒಂದೇ ಹದದಲ್ಲಿ ಒಣಗಿ, ಉದ್ದಗಲಕ್ಕೂ ಗರಿಗರಿಯಾಗುತ್ತದೆ. ಇದು ತಪ್ಪೇನಲ್ಲ. ಕಾಫಿಗೆ ಅದ್ದಿ ತಿನ್ನುವವರಿಗೆ ಇದೇ ಬೇಕು, ಡಬ್ಬಿಯಲ್ಲಿ ಹೆಚ್ಚು ದಿನ ಬಾಳುವುದೂ ಇದೇ.

ಎರಡನೆಯ ಐದು 170 ಡಿಗ್ರಿಯಲ್ಲಿ 12ರಿಂದ 13 ನಿಮಿಷ. ಅಂಚು ಗರಿಗರಿ, ನಡುವು ತಕ್ಕಮಟ್ಟಿಗೆ ಮೆತ್ತಗೆ. ಮನೆಯಲ್ಲಿ ಮೊದಲ ಸಲ ಮಾಡುವವರು ಇಲ್ಲಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಒಂದು ನಿಮಿಷ ಹೆಚ್ಚು ಕಡಿಮೆಯಾದರೂ ಕುಕೀ ಕೆಡುವುದಿಲ್ಲ.

ಮೂರನೆಯ ಐದು 190 ಡಿಗ್ರಿಯಲ್ಲಿ 9ರಿಂದ 10 ನಿಮಿಷ. ಬೆಣ್ಣೆ ಪೂರಾ ಹರಿಯುವ ಮೊದಲೇ ಅಂಚು ಬಿಗಿದು ಒಡ್ಡಿನಂತೆ ನಿಲ್ಲುತ್ತದೆ, ಒಳಗಿನ ಹಿಟ್ಟು ಅದರ ಹಿಂದೆ ದಪ್ಪಗೆ ಉಳಿಯುತ್ತದೆ. ಅಂಚಿನ ನೀರು ಹೋಗಿ ಅದು ಕೆಂಪಗಾಗುವ ಹೊತ್ತಿಗೆ ನಡುವು ಇನ್ನೂ 80 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಎರಡು ಪಾಕದ ಅಂತರ ಎದ್ದು ಕಾಣುವುದು ಇದರಲ್ಲೇ. ಆದರೆ ಇಲ್ಲಿ ಒಂದು ನಿಮಿಷಕ್ಕೂ ಬೆಲೆಯಿದೆ. 8 ನಿಮಿಷಕ್ಕೆ ತೆಗೆದರೆ ನಡುವು ಹಸಿಹಿಟ್ಟು, 12ಕ್ಕೆ ತೆಗೆದರೆ ಅಂಚು ಕಹಿ. ಬೆಲ್ಲ ಹಾಕಿದ ಹಿಟ್ಟು ಬರೀ ಸಕ್ಕರೆ ಹಾಕಿದ್ದಕ್ಕಿಂತ ಬೇಗ ಕೆಂಪಾಗುವುದರಿಂದ ಕೊನೆಯ ಎರಡು ನಿಮಿಷ ಓವನ್ ಬಿಟ್ಟು ಕದಲಬೇಡಿ.

ಹೆಚ್ಚಿನ ಕುಕೀ ಕೆಡುವುದು ತೆಗೆಯುವ ಗಳಿಗೆಯಲ್ಲಿ. ಬಿಸಿ ಕುಕೀ ಯಾವಾಗಲೂ ಮೆತ್ತಗೇ ಇರುತ್ತದೆ, ಬಿಸಿ ಚಿಕ್ಕಿಯೂ ಹಾಗೆಯೇ ತಾನೇ? ಬೆರಳಲ್ಲಿ ಒತ್ತಿ, ಇನ್ನೂ ಬೆಂದಿಲ್ಲ ಎಂದುಕೊಂಡು ಮತ್ತೆ ಮೂರು ನಿಮಿಷ ಬಿಟ್ಟರೆ, ಆರಿದ ಮೇಲೆ ಕಲ್ಲು. ನಡುವನ್ನು ಒತ್ತಿ ನೋಡುವ ಬದಲು ಅಂಚನ್ನು ನೋಡಿ. ಸುತ್ತಲೂ ಕಿರುಬೆರಳಿನ ಅಗಲದಷ್ಟು ಕೆಂಪು ಪಟ್ಟಿ ಬಂದಿರಬೇಕು. ನಡುವಿನ ಹಸಿ ಹೊಳಪು ಹೋಗಿರಬೇಕು, ಆದರೆ ಬಣ್ಣ ಪೇಲವವಾಗಿ, ಸ್ವಲ್ಪ ಉಬ್ಬಿಕೊಂಡೇ ಇರಬೇಕು. ಸಟ್ಟುಗ ತೂರಿಸಿದರೆ ಅಂಚು ಎದ್ದು ಬರಬೇಕು, ನಡುವು ಜೋಲಬೇಕು. ಆಗ ತಟ್ಟೆಯನ್ನು ಹೊರಗೆ ತೆಗೆದು ಐದು ನಿಮಿಷ ಹಾಗೇ ಬಿಡಿ. ತಟ್ಟೆಯ ಬಿಸಿಗೇ ನಡುವು ಇನ್ನಷ್ಟು ಬೆಂದು, ಉಬ್ಬು ಇಳಿದು, ಹದಕ್ಕೆ ಬರುತ್ತದೆ. ಆಮೇಲೆ ಜಾಲರಿಗೆ ವರ್ಗಾಯಿಸಿ. ತಟ್ಟೆಯ ಮೇಲೇ ಪೂರ್ತಿ ಆರಲು ಬಿಟ್ಟರೆ ತಳದಲ್ಲಿ ಆವಿ ಸಿಕ್ಕಿಕೊಂಡು ಗರಿಗರಿ ಅಂಚೂ ಮೆತ್ತಗಾಗುತ್ತದೆ.

ಬೇಕರಿಯ ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು ತಿಂದು ಬೆಳೆದ ನಮ್ಮ ಕಡೆಯ ಗಿರಾಕಿಗಳು ಮೆತ್ತಗಿನ ನಡುವನ್ನು ಕಂಡು ‘ಬೆಂದೇ ಇಲ್ಲವಲ್ಲ’ ಎನ್ನುವುದು ಸಹಜ. ಬೆಂದಿದೆಯೋ ಇಲ್ಲವೋ ತಿಳಿಯಲು ಆರಿದ ಕುಕೀಯನ್ನು ಮುರಿಯಿರಿ. ಒಳಗೆ ಸಣ್ಣ ಸಣ್ಣ ರಂಧ್ರಗಳಿದ್ದು ಎಳೆ ಬಿಟ್ಟು ಬಂದರೆ ಬೆಂದಿದೆ. ರಂಧ್ರವಿಲ್ಲದೆ ಒತ್ತಾಗಿ, ಹಲ್ಲಿಗೆ ಅಂಟಿ, ಮೈದಾ ವಾಸನೆ ಬಂದರೆ ಬೆಂದಿಲ್ಲ.

ಇನ್ನು ನಮ್ಮ ಊರಿನ ವಿಷಯ. ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ದಾಟಿದ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 96–97 ಡಿಗ್ರಿಗೇ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸೋಡಾದ ಅನಿಲ ಹೆಚ್ಚು ಉಬ್ಬುತ್ತದೆ, ನೀರು ಬೇಗ ಆವಿಯಾಗುತ್ತದೆ. ಕರಾವಳಿಯ ಮನೆಯಲ್ಲಿ ಸರಿಬಂದ ಅಳತೆ ಇಲ್ಲಿ ಸ್ವಲ್ಪ ಹೆಚ್ಚು ಹರಡಿ, ಸ್ವಲ್ಪ ಹೆಚ್ಚು ಒಣಗಬಹುದು. ಮೇಲಿನ ಹಿಟ್ಟಿನಲ್ಲಿ ಸೋಡಾ ಕಡಿಮೆ ಹೇಳಿದ್ದು ಅದಕ್ಕೇ. ಬೇರೆಡೆಯ ಅಳತೆ ಹಿಡಿದು ಮಾಡುವಾಗ ಒಂದು ದೊಡ್ಡ ಚಮಚ ಮೈದಾ ಹೆಚ್ಚಿಸಿ, ಶಾಖವನ್ನು ಐದಾರು ಡಿಗ್ರಿ ಏರಿಸಿ, ಒಂದು ನಿಮಿಷ ಮೊದಲೇ ನೋಡಲು ಶುರುಮಾಡಿ. ಹಾಸನಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ.

ಎತ್ತರಕ್ಕಿಂತ ಹೆಚ್ಚು ಕಾಡುವುದು ಕರೆಂಟು. ಹೀಟರ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 190 ವೋಲ್ಟ್ ಬಂದರೆ 1500 ವಾಟಿನ ಒಟಿಜಿ ಸಾವಿರದ ಚಿಲ್ಲರೆ ವಾಟಿನಷ್ಟೇ ಕೆಲಸ ಮಾಡುತ್ತದೆ. ಸಾಕಷ್ಟು ಹೊತ್ತು ಬಿಟ್ಟರೆ ಆಗಲೂ ಅದು 190 ಡಿಗ್ರಿ ಮುಟ್ಟಬಹುದು, ಆದರೆ ಬಾಗಿಲು ತೆರೆದು ತಣ್ಣನೆಯ ಉಂಡೆಗಳನ್ನು ಇಟ್ಟ ಮೇಲೆ ಕಳೆದ ಶಾಖವನ್ನು ಬೇಗ ಮರಳಿ ಪಡೆಯಲಾರದು. ಗುಂಡಿ 190 ತೋರಿಸುತ್ತಿದ್ದರೂ ಕುಕೀ 160ರಲ್ಲಿ ಬೆಂದ ಹಾಗೆ ಹರಡಿಕೊಂಡು ಬರುತ್ತದೆ. ಕುಕೀ ಹೀಗೆ ಹರಡಿದಾಗ ಹಿಟ್ಟನ್ನು ದೂರುವ ಮೊದಲು ಓವನ್ನಿನೊಳಗೆ ಇಡುವ ಥರ್ಮಾಮೀಟರನ್ನು ನಡು ಅಂತಸ್ತಿನಲ್ಲಿಟ್ಟು ನೋಡಿ. ಓವನ್ನಿನ ಸೂಚಕ ದೀಪ ಮೊದಲ ಸಲ ಆರಿದಾಗ ಬಿಸಿಯಾಗಿರುವುದು ಗಾಳಿ ಮಾತ್ರ, ಗೋಡೆಗಳಲ್ಲ. ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, ದೀಪ ಮೂರನೆಯ ಸಲ ಆರುವವರೆಗೆ ಕಾಯಿರಿ. 205ಕ್ಕೆ ಕಾಯಿಸಿ, ತಟ್ಟೆ ಒಳಗಿಟ್ಟ ಕೂಡಲೇ 190ಕ್ಕೆ ಇಳಿಸುವುದು ಸಣ್ಣ ಒಟಿಜಿಗಳಿಗೆ ನಂಬಬಹುದಾದ ಉಪಾಯ.

ಮೊದಲ ತಟ್ಟೆ ಚೆನ್ನಾಗಿ ಬಂದು ಎರಡನೆಯದು ಕೆಟ್ಟರೆ ಕಾರಣ ತಟ್ಟೆಯದೇ. ಬಿಸಿ ತಟ್ಟೆಗೆ ಉಂಡೆ ಇಟ್ಟರೆ ಓವನ್ ಸೇರುವ ಮೊದಲೇ ತಳದ ಬೆಣ್ಣೆ ಕರಗಿ ಹರಿಯುತ್ತದೆ. ತಟ್ಟೆಯ ಹಿಂಬದಿಗೆ ನಲ್ಲಿ ನೀರು ಹಾಯಿಸಿ, ಒರೆಸಿ, ಆಮೇಲೆ ಉಂಡೆ ಇಡಿ. ಕಪ್ಪು ತಟ್ಟೆ ತಳವನ್ನು ಬೇಗ ಸುಡುತ್ತದೆ. ಬಿಳಿ ಅಲ್ಯೂಮಿನಿಯಂ ತಟ್ಟೆಗೆ ಬೇಕಿಂಗ್ ಪೇಪರ್ ಹಾಸಿದರೆ ಸಾಕು.

ತಿದ್ದುವಾಗ ಒಂದು ಸಲಕ್ಕೆ ಒಂದು ದೋಷವನ್ನೇ ಹಿಡಿದುಕೊಳ್ಳಿ. ನಡುವು ಸರಿಯಿದ್ದು ಅಂಚು ಪೇಲವವಾಗಿದ್ದರೆ ಹತ್ತು ಡಿಗ್ರಿ ಏರಿಸಿ ಒಂದು ನಿಮಿಷ ಕಡಿಮೆ ಮಾಡಿ. ಅಂಚು ಸರಿಯಿದ್ದು ನಡುವು ಹಸಿಯಿದ್ದರೆ ಹತ್ತು ಡಿಗ್ರಿ ಇಳಿಸಿ ಎರಡು ನಿಮಿಷ ಹೆಚ್ಚಿಸಿ, ಇಲ್ಲವೇ ಉಂಡೆಯನ್ನು 35 ಗ್ರಾಂಗೆ ಇಳಿಸಿ. ಶಾಖ ಹಾಗೇ ಬಿಟ್ಟು ಬರೀ ಸಮಯ ಹೆಚ್ಚಿಸಿದರೆ ನಡುವು ಬೇಯುವಷ್ಟರಲ್ಲಿ ಅಂಚು ಕರಕಲಾಗಿರುತ್ತದೆ.

ಈ ಎರಡು ಹದ ಒಂದೇ ಕುಕೀಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಡಬ್ಬಿಯಲ್ಲಿಟ್ಟಾಗ ನಡುವಿನ ನೀರು ಅಂಚಿಗೆ ಸರಿಯುತ್ತದೆ. ಮಾರನೆಯ ದಿನಕ್ಕೆ ಅಂಚು ಮೆತ್ತಗಾಗಿ, ನಡುವು ತುಸು ಬಿಗಿದು, ಎರಡೂ ಒಂದೇ ಆಗುತ್ತವೆ. ಮಳೆಗಾಲದಲ್ಲಿ ಹೊರಗಿನ ತೇವವೂ ಸೇರಿ ಸಂಜೆಗೇ ಹಾಗಾಗಬಹುದು. ಮಾರಾಟಕ್ಕೆ ಮಾಡುವವರು ಕುಕೀಯನ್ನು ಕೂಡಿಡುವ ಬದಲು ಉಂಡೆಗಳನ್ನು ಫ್ರೀಜರಿನಲ್ಲಿ ಕೂಡಿಟ್ಟು, ಆಯಾ ದಿನಕ್ಕೆ ಬೇಕಾದಷ್ಟನ್ನೇ ಬೇಯಿಸಬೇಕು. ಹೆಪ್ಪುಗಟ್ಟಿದ ಉಂಡೆಯನ್ನು ಕರಗಿಸದೆ ನೇರ 180 ಡಿಗ್ರಿಗೆ ಇಟ್ಟು 12 ನಿಮಿಷದ ಆಸುಪಾಸಿನಲ್ಲಿ ನೋಡಿ. ಒಳಗಿನ ತಂಪೇ ನಡುವು ಒಣಗದಂತೆ ಕಾಪಾಡುತ್ತದೆ. ಬೆಂದ ಕುಕೀ ಮೆತ್ತಗಾಗಿದ್ದರೆ ಜಾಲರಿಯ ಮೇಲಿಟ್ಟು 150 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಕಾಯಿಸಿ ಹತ್ತು ನಿಮಿಷ ಆರಬಿಟ್ಟರೆ ಅಂಚು ಮತ್ತೆ ಗರಿಯಾಗುತ್ತದೆ. ಒಂದು ಸಲಕ್ಕೆ ಮಾತ್ರ. ಎರಡನೆಯ ಸಲ ಕಾಯಿಸಿದರೆ ನಡುವಿನಲ್ಲಿ ಉಳಿದ ನೀರೂ ಹೋಗಿರುತ್ತದೆ.