ಆಕ್ಸೈಮ್ ಮಾಡುವಾಗ ಸೋಡಿಯಂ ಅಸಿಟೇಟ್ ಯಾಕೆ ಬೇಕು?

ಕಾರವಾರದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸುವ ನಾನು ವೈವಾದಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಆಕ್ಸೈಮ್ ತಯಾರಿಸುವಾಗ ಸೋಡಿಯಂ ಅಸಿಟೇಟ್ ಯಾಕೆ ಹಾಕಿದಿರಿ? "ಹೈಡ್ರೋಕ್ಲೋರೈಡ್‌ನಲ್ಲಿರೋ ಆಸಿಡ್ ತೆಗೆಯೋಕೆ ಸರ್" ಎಂಬ ಉತ್ತರ ಬರುತ್ತದೆ. ಅರ್ಧ ಸರಿ. ಆಸಿಡ್ ತೆಗೆಯುವುದಷ್ಟೇ ಕೆಲಸವಾಗಿದ್ದರೆ ಕಾಸ್ಟಿಕ್ ಸೋಡಾ ಸಾಕಿತ್ತು. ಅಸಿಟೇಟನ್ನೇ ಆರಿಸಿದ್ದಕ್ಕೆ ಕಾರಣ ಬೇರೆ. ಅದು ಆಸಿಡ್ಡನ್ನು ಪೂರ್ತಿ ತೆಗೆಯುವುದಿಲ್ಲ, ಬೇಕಾದಷ್ಟು ಉಳಿಸುತ್ತದೆ.

ಕೀಟೋನ್ ಅಥವಾ ಆಲ್ಡಿಹೈಡ್ ಜೊತೆ ಅಮೈನ್ ಸೇರಿದರೆ ನೀರು ಹೊರಬಿದ್ದು C=N ಬಂಧ ಆಗುತ್ತದೆ. ಅದೇ ಇಮೈನ್. ಅಮೈನ್ ಬದಲು ಹೈಡ್ರಾಕ್ಸಿಲಮೈನ್ ಹಾಕಿದರೆ ಸಿಗುವ ಆಕ್ಸೈಮ್ ಕೂಡ ಅದೇ ಮನೆಯದು. ಕೆಲಸ ನಡೆಯುವುದು ಎರಡು ಹಂತದಲ್ಲಿ. ಮೊದಲು ಅಮೈನಿನ ನೈಟ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕೊಟ್ಟು ಕಾರ್ಬೊನಿಲ್ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಆಗ ಕಾರ್ಬಿನಾಲಮೈನ್ ಎಂಬ ನಡುವಿನ ಅಣು ಹುಟ್ಟುತ್ತದೆ. ಅದರ ಕಾರ್ಬನ್ ಮೇಲೆ ಒಂದು OH, ಒಂದು ನೈಟ್ರೋಜನ್ ಇರುತ್ತವೆ. ಎರಡನೇ ಹಂತದಲ್ಲಿ ಆ OH ಬಿಟ್ಟುಹೋಗಬೇಕು. ಅದು ಸುಮ್ನೆ ಹೋಗುವುದಿಲ್ಲ. ಪ್ರೋಟಾನ್ ಒಂದು ಬಂದು ಕೂತರೆ ನೀರಾಗಿ ಹೊರಡುತ್ತದೆ.

ಹಾಗಾಗಿ ಎರಡನೇ ಹಂತಕ್ಕೆ ಆಸಿಡ್ ಬೇಕು. ಮೊದಲ ಹಂತಕ್ಕೆ ಆಸಿಡ್ ಜಾಸ್ತಿಯಾದರೆ ಕಷ್ಟ. ಬಂಗಡೆಗೆ ಲಿಂಬೆರಸ ಸವರಿದರೆ ವಾಸನೆ ತಗ್ಗುತ್ತದಲ್ಲ, ಅಲ್ಲಿ ಆಗುವುದೂ ಇದೇ. ಮೀನಿನ ವಾಸನೆಯ ಟ್ರೈಮೀಥೈಲಮೈನ್ ಹುಳಿಯಿಂದ ಪ್ರೋಟಾನ್ ಪಡೆದು ಉಪ್ಪಾಗುತ್ತದೆ, ಹಾರುವುದನ್ನು ಬಿಡುತ್ತದೆ. ನಮ್ಮ ಫ್ಲಾಸ್ಕಿನ ಅಮೈನೂ ಪ್ರೋಟಾನ್ ಹೊತ್ತುಕೊಂಡರೆ ಅದರ ಎಲೆಕ್ಟ್ರಾನ್ ಜೋಡಿ ಅಲ್ಲೇ ಖರ್ಚಾಗುತ್ತದೆ. ಕಾರ್ಬೊನಿಲ್‌ಗೆ ಕೊಡಲು ಏನೂ ಉಳಿಯುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ಆಮೇಲೆ "ಆದ್ದರಿಂದ ನಡುವಿನ ಪಿಎಚ್ ಒಳ್ಳೆಯದು" ಎಂದು ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ಹೈಡ್ರಾಕ್ಸಿಲಮೈನ್ ಉಪ್ಪಿನ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟು ಬಿಡಿಯಾಗಿರುವ ಪಿಎಚ್, ಸುಮಾರು 6. ಪಿಎಚ್ 4ರಲ್ಲಿ ನೂರಕ್ಕೆ ಒಂದು ಅಣು ಮಾತ್ರ ಬಿಡಿಯಾಗಿರುತ್ತದೆ, ಪಿಎಚ್ 3ರಲ್ಲಿ ಸಾವಿರಕ್ಕೆ ಒಂದು. ಅಂದರೆ ಪಿಎಚ್ ಒಂದು ಇಳಿದರೆ ಬಿಡಿ ಅಮೈನ್ ಹತ್ತು ಪಟ್ಟು ಕಡಿಮೆ. ಅದೇ ಹೊತ್ತಿಗೆ ಪ್ರೋಟಾನ್ ಹತ್ತು ಪಟ್ಟು ಜಾಸ್ತಿ. ನಿಧಾನವಾದ ಹಂತ ಯಾವಾಗಲೂ ನೀರು ಬಿಡುವುದೇ ಆಗಿದ್ದರೆ ಈ ಎರಡು ಲೆಕ್ಕ ಒಂದಕ್ಕೊಂದು ವಜಾ ಆಗಿ ವೇಗ ಇದ್ದಲ್ಲೇ ಇರಬೇಕಿತ್ತು, ಅಲ್ವಾ? ಆದರೆ ಅಳೆದು ನೋಡಿದರೆ ವೇಗ ಇಳಿಯುತ್ತದೆ. ಗ್ರಾಫ್ ಸಪಾಟಾಗುವುದಿಲ್ಲ, ಪಿಎಚ್ 5ರ ಆಸುಪಾಸಿನಲ್ಲಿ ಗುಡ್ಡ ಹತ್ತಿ ಎರಡೂ ಕಡೆ ಇಳಿಯುತ್ತದೆ.

ಆ ಗುಡ್ಡಕ್ಕೆ ಒಂದೇ ಅರ್ಥ: ಎರಡು ಕಡೆಗಳಲ್ಲಿ ನಿಧಾನವಾದ ಹಂತ ಬೇರೆ ಬೇರೆ. ಪಿಎಚ್ ಮೇಲಿದ್ದಾಗ ನೀರು ಬಿಡುವುದು ತಡ. ಪಿಎಚ್ ಕೆಳಗಿಳಿದಾಗ ಪ್ರೋಟಾನ್ ಧಾರಾಳ ಸಿಗುವುದರಿಂದ ನೀರು ಬೇಗ ಹೊರಡುತ್ತದೆ. ಈಗ ತಡವಾಗುವುದು ಅಮೈನ್ ಬಂದು ಅಂಟುವುದು. ಅದಕ್ಕೆ ಬೇಕಾದದ್ದು ಬಿಡಿ ಅಮೈನ್, ಪ್ರೋಟಾನ್ ಎಷ್ಟಿದ್ದರೂ ಪ್ರಯೋಜನವಿಲ್ಲ.

ಇದನ್ನು 1959ರಲ್ಲಿ ಅಮೆರಿಕದ ವಿಜ್ಞಾನಿ ವಿಲಿಯಂ ಜೆಂಕ್ಸ್ ಕಣ್ಣಿಗೆ ಕಾಣುವಂತೆ ತೋರಿಸಿದರು. ಪಿಎಚ್ 7ರ ಹತ್ತಿರ ಕೀಟೋನಿಗೆ ಹೈಡ್ರಾಕ್ಸಿಲಮೈನನ್ನು ಧಾರಾಳವಾಗಿ ಬೆರೆಸಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಕಾರ್ಬೊನಿಲ್‌ನ ಗುರುತು ಬೇಗನೆ ಕುಸಿಯುತ್ತದೆ. ಆದರೆ ಆಕ್ಸೈಮಿನ ಗುರುತು ಆಗ ಬರುವುದಿಲ್ಲ, ನಿಧಾನಕ್ಕೆ ಏರುತ್ತದೆ. ಕೀಟೋನೂ ಇಲ್ಲ, ಆಕ್ಸೈಮೂ ಇಲ್ಲ. ನಡುವೆ ಇರುವುದು ನೀರು ಬಿಡಲು ಕಾಯುತ್ತಿರುವ ಕಾರ್ಬಿನಾಲಮೈನ್.

ಈಗ ನಮ್ಮ ಲ್ಯಾಬಿನ ಫ್ಲಾಸ್ಕಿಗೆ ಬನ್ನಿ. ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್ 2.5 ಗ್ರಾಂ, ಹರಳು ಸೋಡಿಯಂ ಅಸಿಟೇಟ್ 4 ಗ್ರಾಂ, ನೀರು 10 ಮಿ.ಲೀ. ಇದನ್ನು 40 ಡಿಗ್ರಿಗೆ ಬಿಸಿ ಮಾಡಿ 2.5 ಗ್ರಾಂ ಸೈಕ್ಲೋಹೆಕ್ಸನೋನ್ ಹಾಕಿ, ಬಿರಡೆ ಹಾಕಿ ಕುಲುಕುತ್ತೇವೆ. ಕೆಲವೇ ನಿಮಿಷದಲ್ಲಿ ಬಿಳಿ ಹರಳು ಕಟ್ಟುತ್ತದೆ. ಲೆಕ್ಕ ಹಾಕಿದರೆ ಶುರುವಿನಲ್ಲಿ ಪಿಎಚ್ ಸುಮಾರು 5.4. ಒಂದೊಂದು ಆಕ್ಸೈಮ್ ಅಣು ಹುಟ್ಟಿದಾಗಲೂ ಹೈಡ್ರೋಕ್ಲೋರೈಡಿನಿಂದ ಒಂದು ಪ್ರೋಟಾನ್ ಬಿಡುಗಡೆಯಾಗುತ್ತದೆ. ಅದನ್ನು ಅಸಿಟೇಟ್ ಹಿಡಿದು ಅಸಿಟಿಕ್ ಆಸಿಡ್ ಆಗುತ್ತದೆ. ಇಡೀ ಕೀಟೋನ್ ಮುಗಿಯುವ ಹೊತ್ತಿಗೂ ಪಿಎಚ್ 4ರ ಹತ್ತಿರವೇ ಇರುತ್ತದೆ. ಗುಡ್ಡದ ನೆತ್ತಿಯ ಆಚೀಚೆಯಲ್ಲೇ ಇಡೀ ಕೆಲಸ ಮುಗಿಯುತ್ತದೆ. ನನಗೆ ಈ 4 ಗ್ರಾಂ ತುಂಬಾ ಇಷ್ಟವಾಗುವುದು ಅದಕ್ಕೇ.

ಅಸಿಟೇಟ್ ಮರೆತವರ ಫ್ಲಾಸ್ಕ್ ದೂರದಿಂದಲೇ ಗೊತ್ತಾಗುತ್ತದೆ. ಎಷ್ಟು ಕುಲುಕಿದರೂ ಮೇಲೆ ಎಣ್ಣೆಯಂಥ ಪದರ ಉಳಿದಿರುತ್ತದೆ, ಕೀಟೋನಿನ ವಾಸನೆ ಹೋಗಿರುವುದಿಲ್ಲ. ಪಿಎಚ್ ಪೇಪರ್ ಅದ್ದಿದರೆ ಕೆಂಪು. ಅಲ್ಲಿ ಶುರುವಿನ ಪಿಎಚ್ಚೇ 3ಕ್ಕಿಂತ ಕೆಳಗೆ, ಸ್ವಲ್ಪ ಆಕ್ಸೈಮ್ ಆಗುತ್ತಿದ್ದಂತೆ ಇನ್ನೂ ಕುಸಿಯುತ್ತದೆ. ಕ್ರಿಯೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತದೆ. ಚೆಲ್ಲಬೇಕಿಲ್ಲ, ಆಗಲೇ ಅಸಿಟೇಟ್ ಹಾಕಿ ಕುಲುಕಿದರೆ ಹರಳು ಬರುತ್ತದೆ. ಕಾಸ್ಟಿಕ್ ಸೋಡಾ ಜಾಸ್ತಿ ಸುರಿದರೆ ಮಾತ್ರ ಗುಡ್ಡದ ಇನ್ನೊಂದು ಕಡೆಗೆ ಜಾರುತ್ತೀರಿ. ತೀರಾ ಪ್ರಬಲ ಕ್ಷಾರದಲ್ಲಿ ನೀರು ಬಿಡಲು ಬೇರೊಂದು ದಾರಿ ತೆರೆಯುತ್ತದೆ ನಿಜ, ಅದು ಬೇರೆ ಕಥೆ.

ಹರಳಿನ ಕರಗುವ ಬಿಂದು ಸುಮಾರು 90 ಡಿಗ್ರಿ ಬರಬೇಕು. ಜುಲೈ ತಿಂಗಳ ಕಾರವಾರದಲ್ಲಿ ಅದು 80ಕ್ಕೆ ಇಳಿದರೆ ಪಿಎಚ್ಚನ್ನು ಬೈಯಬೇಡಿ. ಇಲ್ಲಿಯ ಮಳೆಗಾಲದಲ್ಲಿ ಫಿಲ್ಟರ್ ಪೇಪರ್ ಮೇಲೆ ಇಟ್ಟದ್ದು ಒಣಗುವುದೇ ಇಲ್ಲ. ಡೆಸಿಕೇಟರಿನಲ್ಲಿಟ್ಟು ಮತ್ತೆ ನೋಡಿ.

ಎಲ್ಲ ಅಮೈನಿಗೂ ಪಿಎಚ್ 5 ಎಂದು ಬಾಯಿಪಾಠ ಮಾಡಬೇಡಿ. ಗುಡ್ಡದ ನೆತ್ತಿ ಎಲ್ಲಿ ಬರುತ್ತದೆ ಎನ್ನುವುದು ಅಮೈನಿನ ಪಿಕೆಎ ಮತ್ತು ಕಾರ್ಬೊನಿಲ್ ಮೇಲೆ ನಿಂತಿದೆ. ಪಿಕೆಎ 10ರ ಆಸುಪಾಸಿನ ಸಾದಾ ಆಲ್ಕೈಲ್ ಅಮೈನುಗಳು ಪಿಎಚ್ 5ರಲ್ಲಿ ಲಕ್ಷಕ್ಕೊಂದು ಬಿಡಿಯಾಗಿರುತ್ತವೆ. ಅವುಗಳ ಇಮೈನ್ ನೀರಿನಲ್ಲಿ ಬಾಳುವುದೂ ಕಷ್ಟ, ತಿರುಗಿ ಒಡೆಯುತ್ತದೆ. ಆಕ್ಸೈಮ್ ಗಟ್ಟಿ, ಅದಕ್ಕೇ ನೀರಿನಲ್ಲೇ ಮಾಡಬಹುದು.

ಎನಮೈನಿಗೂ ಇದೇ ಹಗ್ಗಜಗ್ಗಾಟ. ಮಾರ್ಫೊಲಿನ್‌ನಂಥ ಸೆಕೆಂಡರಿ ಅಮೈನ್ ಹಾಕಿದಾಗ ನೀರು ಹೋದ ಮೇಲೆ ನೈಟ್ರೋಜನ್ ಮೇಲೆ ಬಿಟ್ಟುಕೊಡಲು ಹೈಡ್ರೋಜನ್ ಇರುವುದಿಲ್ಲ. ಪಕ್ಕದ ಕಾರ್ಬನ್ನಿನ ಹೈಡ್ರೋಜನ್ ಹೋಗಿ C=C ಆಗುತ್ತದೆ, ಅದೇ ಎನಮೈನ್. ಇದನ್ನು ಟಾಲ್ಯೂಯಿನ್‌ನಲ್ಲಿ ಕುದಿಸಿ ಮಾಡುತ್ತಾರೆ. ಅಲ್ಲಿ ಪಿಎಚ್ ಅಳೆಯುವ ಮಾತಿಲ್ಲ, ಆದರೆ ಆಸಿಡ್ ಎಷ್ಟು ಎಂಬುದೇ ಪ್ರಶ್ನೆ. 9.8 ಗ್ರಾಂ ಸೈಕ್ಲೋಹೆಕ್ಸನೋನಿಗೆ ಸುಮಾರು 0.1 ಗ್ರಾಂ ಟಾಲ್ಯೂಯಿನ್ ಸಲ್ಫೋನಿಕ್ ಆಸಿಡ್ ಸಾಕು. ಅಮೈನಿಗೆ ಸಮನಾಗಿ ಹಾಕಿದರೆ ಅಷ್ಟೂ ಉಪ್ಪಾಗಿ ಕೂರುತ್ತದೆ. ಕ್ರಿಯೆ ಮುಗಿಯಿತೇ ಎಂದು ಡೀನ್-ಸ್ಟಾರ್ಕ್ ನಳಿಗೆಯೇ ಹೇಳುತ್ತದೆ: ಪೂರ್ತಿಯಾದರೆ 1.8 ಮಿ.ಲೀ. ನೀರು ಇಳಿಯಬೇಕು. ಆ ನೀರನ್ನು ತೆಗೆಯದಿದ್ದರೆ ಕ್ರಿಯೆ ನಡುವೆಯೇ ನಿಲ್ಲುತ್ತದೆ. ಸಿಕ್ಕಿದ ಎನಮೈನನ್ನು ನಮ್ಮ ಕರಾವಳಿಯ ಗಾಳಿಗೆ ತೆರೆದಿಡಬೇಡಿ. ತೇವ ತಗುಲಿದರೆ ತಿರುಗಿ ಕೀಟೋನ್ ಮತ್ತು ಮಾರ್ಫೊಲಿನ್ ಆಗುತ್ತದೆ. ಆದಷ್ಟು ಅದೇ ದಿನ ಮುಂದಿನ ಹಂತಕ್ಕೆ ಬಳಸಿಬಿಡಿ.