ಆಂಟಿನೇಟಲ್ ಸ್ಟೀರಾಯ್ಡ್: ತಾಯಿಗೆ ಚುಚ್ಚಿ ಮಗುವಿನ ಶ್ವಾಸಕೋಶ ಬಲಿಸುವ ಇಂಜೆಕ್ಷನ್

ದಿನ ತುಂಬುವ ಮೊದಲೇ ಹೆರಿಗೆ ನೋವು ಬಂದರೆ ಆಸ್ಪತ್ರೆಯಲ್ಲಿ ತಾಯಿಗೆ ಒಂದು ಇಂಜೆಕ್ಷನ್ ಶುರು ಮಾಡುತ್ತಾರೆ. ವಾರ್ಡಿನಲ್ಲಿ ಅದಕ್ಕೆ ಡೆಕ್ಸಾ ಅಂತಾರೆ. ಮನೆಯವರು ಕೇಳಿದರೆ "ಮಗುವಿನ ಶ್ವಾಸಕೋಶ ಬಲಿಯೋಕೆ" ಎಂದು ಹೇಳುತ್ತಾರೆ. ಆಂಟಿನೇಟಲ್ ಕಾರ್ಟಿಕೋಸ್ಟೀರಾಯ್ಡ್ ಎಂದರೆ ಇದೇ. ಚುಚ್ಚುವುದು ತಾಯಿಗೆ, ಕೆಲಸ ಆಗಬೇಕಾದದ್ದು ಒಳಗಿರುವ ಮಗುವಿಗೆ.

ಮೊದಲು ಶ್ವಾಸಕೋಶದ ವಿಷಯ ನೋಡೋಣ. ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶದ ತುಂಬಾ ನೀರಿನಂಥ ದ್ರವ ಇರುತ್ತದೆ. ಹುಟ್ಟಿದ ಕೂಡಲೇ ಆ ದ್ರವ ಹೋಗಿ ಗಾಳಿ ತುಂಬಬೇಕು. ಕಷ್ಟ ಶುರುವಾಗುವುದು ಮೊದಲ ಉಸಿರು ಹೊರಗೆ ಬಿಟ್ಟಾಗ. ಗಾಳಿಗೂಡುಗಳ ಒಳಗೋಡೆ ಒದ್ದೆಯಾಗಿರುತ್ತದೆ. ಒದ್ದೆ ಬಾಳೆ ಎಲೆ ಎರಡನ್ನು ಒಂದರ ಮೇಲೊಂದು ಇಟ್ಟರೆ ಹೇಗೆ ಅಂಟಿಕೊಳ್ಳುತ್ತವೋ ಹಾಗೆ ಗೂಡುಗಳು ಮುಚ್ಚಿಕೊಳ್ಳಲು ನೋಡುತ್ತವೆ. ಗೂಡು ಸಣ್ಣದಾದಷ್ಟೂ ಈ ಎಳೆತ ಜಾಸ್ತಿ. ದಿನ ತುಂಬಿದ ಮಗುವಿನಲ್ಲಿ ಆ ನೀರಿನ ಪದರದ ಮೇಲೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ತೆಳು ಪೊರೆ ಹರಡಿರುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಕೊಬ್ಬಿನಂಶ, ಉಳಿದದ್ದು ಪ್ರೋಟೀನ್. ಈ ಪೊರೆ ಎಳೆತವನ್ನು ಕಡಿಮೆ ಮಾಡುತ್ತದೆ, ಗೂಡು ಪೂರ್ತಿ ಮುಚ್ಚದೆ ಸ್ವಲ್ಪ ತೆರೆದೇ ಉಳಿಯುತ್ತದೆ.

ಪೊರೆ ಇಲ್ಲದಿದ್ದರೆ ಪ್ರತಿ ಉಸಿರೂ ಮೊದಲ ಉಸಿರಿನಷ್ಟೇ ಕಷ್ಟ. ನೋಡಿದರೇ ಗೊತ್ತಾಗುತ್ತದೆ. ಮಗು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತದೆ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತದೆ, ಬಿಡುವಾಗ ನರಳಿದ ಹಾಗೆ ಸಣ್ಣ ಸದ್ದು ಬರುತ್ತದೆ. ಆ ಸದ್ದು ಅಳು ಅಲ್ಲ. ಗಂಟಲನ್ನು ಅರ್ಧ ಮುಚ್ಚಿ, ಗಾಳಿಯನ್ನು ಒಳಗೇ ಹಿಡಿದಿಡಲು ಮಗು ಮಾಡುವ ಪ್ರಯತ್ನ ಅದು. ಗಂಟೆಗಳು ಕಳೆದ ಹಾಗೆ ಮಗು ಸುಸ್ತಾಗುತ್ತದೆ.

ಸರ್ಫ್ಯಾಕ್ಟಂಟ್ ಮಾಡುವ ಜೀವಕೋಶಗಳು 20ರಿಂದ 24ನೇ ವಾರದ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಸಾಕಷ್ಟು ಪ್ರಮಾಣ ಸಿಗಲು ಸುಮಾರು 35 ವಾರ ಆಗಬೇಕು. "ಏಳು ತಿಂಗಳ ಮಗು ಬದುಕುತ್ತೆ, ಎಂಟರದ್ದು ಉಳಿಯಲ್ಲ" ಎಂದು ಹಳಬರು ಹೇಳುವುದನ್ನು ಕೇಳಿರುತ್ತೀರಿ. ಅದು ತಪ್ಪು. ಒಳಗೆ ಇದ್ದಷ್ಟು ವಾರವೂ ಶ್ವಾಸಕೋಶಕ್ಕೆ ಲಾಭವೇ.

ಹಾಗಾದರೆ ಆ ಜೀವಕೋಶಗಳಿಗೆ "ಇನ್ನು ಕೆಲಸ ಶುರು ಮಾಡಿ" ಎಂದು ಹೇಳುವವರು ಯಾರು? ಮಗುವಿನದೇ ಅಡ್ರಿನಲ್ ಗ್ರಂಥಿ. ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಈ ಗ್ರಂಥಿ ಗರ್ಭದಲ್ಲಿ ಮೈತೂಕಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಅದು ಈ ಸೂಚನೆ ಕಳಿಸುವುದು ಕಾರ್ಟಿಸಾಲ್ ಎಂಬ ಹಾರ್ಮೋನಿನ ಮೂಲಕ. ಆದರೆ ಗ್ರಂಥಿಯ ಹೆಚ್ಚಿನ ಭಾಗ ಕಾರ್ಟಿಸಾಲ್ ಮಾಡುವುದೇ ಇಲ್ಲ. ಕಾರ್ಟಿಸಾಲ್ ಮಾಡಲು ಬೇಕಾದ ಒಂದು ಮುಖ್ಯ ಕಿಣ್ವ ಅಲ್ಲಿ ಇರುವುದು ತೀರಾ ಕಡಿಮೆ. ಅದರ ಬದಲು ಆ ಭಾಗ ಬೇರೆ ಹಾರ್ಮೋನಿನ ಕಚ್ಚಾಮಾಲು ತಯಾರಿಸುತ್ತದೆ, ಮಾಸು ಅದನ್ನು ಈಸ್ಟ್ರೋಜನ್ ಮಾಡಿಕೊಳ್ಳುತ್ತದೆ. ಹುಟ್ಟಿದ ಮೇಲೆ ಕೆಲವೇ ತಿಂಗಳಲ್ಲಿ ಈ ಭಾಗ ಕರಗಿಹೋಗುತ್ತದೆ. ಕಾರ್ಟಿಸಾಲ್ ಬರುವುದು ಹೊರಗಿನ ಪದರಗಳಿಂದ. ಆ ಪದರಗಳು ಬಲಿಯುವುದು ಗರ್ಭದ ಕೊನೆಯ ವಾರಗಳಲ್ಲಿ. ಆಗ ಮಗುವಿನ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ, ಶ್ವಾಸಕೋಶ, ಕರುಳು, ಲಿವರ್ ಎಲ್ಲವೂ ಹೊರಗಿನ ಬದುಕಿಗೆ ತಯಾರಾಗುತ್ತವೆ. 30ನೇ ವಾರದಲ್ಲಿ ಹುಟ್ಟುವ ಮಗುವಿಗೆ ಈ ಏರಿಕೆಯ ಪೂರ್ತಿ ಲಾಭ ಸಿಕ್ಕಿರುವುದಿಲ್ಲ.

ತಾಯಿಯ ರಕ್ತದಲ್ಲಿ ಬೇಕಾದಷ್ಟು ಕಾರ್ಟಿಸಾಲ್ ಇದೆಯಲ್ಲ, ಅದೇ ಸಾಲದಾ? ಸಾಲದು. ಮಾಸು ಅದನ್ನು ತಡೆಯುತ್ತದೆ. ಅಲ್ಲಿರುವ ಒಂದು ಕಿಣ್ವ ತಾಯಿಯ ಕಾರ್ಟಿಸಾಲಿನ ಬಹುಪಾಲನ್ನು ಕೆಲಸಕ್ಕೆ ಬಾರದ ಕಾರ್ಟಿಸೋನ್ ಆಗಿ ಬದಲಾಯಿಸಿಬಿಡುತ್ತದೆ. ಮಗು ಬೆಳೆಯಬೇಕಾದ ಕಾಲದಲ್ಲಿ ತಾಯಿಯ ಹಾರ್ಮೋನು ಅದನ್ನು ಅವಸರದಲ್ಲಿ ಬಲಿಸದಿರಲಿ ಎಂಬ ಏರ್ಪಾಡು ಇದು. ಉಬ್ಬಸಕ್ಕೆ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆಯೂ ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತದೆ. ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಬೀಟಾಮೆಥಸೋನ್ ಮತ್ತು ವಾರ್ಡಿನವರು ಡೆಕ್ಸಾ ಎನ್ನುವ ಡೆಕ್ಸಾಮೆಥಸೋನ್ ಮಾತ್ರ ಆ ಕಿಣ್ವಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ, ದಾಟಿ ಹೋಗುತ್ತವೆ. "ಸ್ಟೀರಾಯ್ಡ್ ತಾನೇ, ಯಾವುದಾದರೇನು" ಎನ್ನುವ ಹಾಗಿಲ್ಲ.

ಸ್ಟೀರಾಯ್ಡಿನಿಂದ ಶ್ವಾಸಕೋಶ ಬಲಿಯುತ್ತದೆ ಎಂದು ಗೊತ್ತಾದದ್ದು ಕುರಿಗಳಿಂದ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯ, ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ನೋಡಲು ಗರ್ಭದೊಳಗಿನ ಕುರಿಮರಿಗಳಿಗೆ ಸ್ಟೀರಾಯ್ಡ್ ಕೊಟ್ಟಿದ್ದರು. ಉಸಿರಾಡಲು ಆಗಲೇಬಾರದಷ್ಟು ಎಳೆಯ ಮರಿಗಳು ಉಸಿರಾಡಿದವು. ಅವರು ಹುಡುಕುತ್ತಿದ್ದುದೇ ಬೇರೆ, ಸಿಕ್ಕಿದ್ದೇ ಬೇರೆ. 1969ರಲ್ಲಿ ಅದನ್ನು ಪ್ರಕಟಿಸಿದರು. ಮಕ್ಕಳ ವೈದ್ಯ ರಾಸ್ ಹೌವಿ ಜೊತೆ ಸೇರಿ 282 ತಾಯಂದಿರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1972ರಲ್ಲಿ ಹೊರಬಂತು. ಕುರಿಯಲ್ಲಿ ಸ್ಟೀರಾಯ್ಡಿನಿಂದ ಹೆರಿಗೆಯೇ ಶುರುವಾಗುತ್ತದೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. ನಮ್ಮ ಅದೃಷ್ಟ ಅಂತಲೇ ಹೇಳಬೇಕು.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಒಬ್ಬ ಗರ್ಭಿಣಿ. ಜುಲೈ ತಿಂಗಳು, ಜಡಿಮಳೆ. ಮೂರನೇ ತಿಂಗಳಲ್ಲೇ ಸ್ಕ್ಯಾನ್ ಆಗಿದೆ, ಹಾಗಾಗಿ ಈಗ 31 ವಾರ ಎಂಬುದರಲ್ಲಿ ಅನುಮಾನ ಇಲ್ಲ. ಮಂಗಳವಾರ ರಾತ್ರಿ 9 ಗಂಟೆಗೆ ನೋವು ಹತ್ತು ನಿಮಿಷಕ್ಕೊಮ್ಮೆ ಬರುತ್ತಿದೆ. ಆಶಾ ಕಾರ್ಯಕರ್ತೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಬಂದಿದ್ದಾರೆ. ಜ್ವರ ಇಲ್ಲ, ನೀರು ಹೋಗಿಲ್ಲ. ಆದರೆ ಗರ್ಭಕೊರಳು ತೆರೆಯಲು ಶುರುವಾಗಿದೆ.

ಶಿವಮೊಗ್ಗಕ್ಕೆ ಕಳಿಸಲೇಬೇಕು. ಮಳೆಯಲ್ಲಿ, ತಿರುವು ರಸ್ತೆಯಲ್ಲಿ 108ರಲ್ಲೂ ಹೊತ್ತು ಹಿಡಿಯುತ್ತದೆ. ಅಲ್ಲಿಗೆ ತಲುಪಿ, ಚೀಟಿ ಮಾಡಿಸಿ, ಮತ್ತೆ ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಡುವಷ್ಟರಲ್ಲಿ ನಾಲ್ಕೈದು ಗಂಟೆ ಹೋಗಿರುತ್ತದೆ. ಅದಕ್ಕೇ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ, 24ರಿಂದ 34 ವಾರದೊಳಗಿನ ಇಂಥ ಹೆರಿಗೆ ನೋವಿನಲ್ಲಿ ಮೊದಲ ಡೋಸನ್ನು ಕಳಿಸುವ ಮುಂಚೆ ಎಎನ್‌ಎಂ ಸಿಸ್ಟರ್ ಕೂಡ ಕೊಡಬಹುದು ಎನ್ನುತ್ತದೆ. ನನ್ನ ಪ್ರಕಾರ ಮಲೆನಾಡಿಗೆ ಆ ಮಾರ್ಗಸೂಚಿಯಲ್ಲಿ ಇದಕ್ಕಿಂತ ಉಪಯೋಗದ ಸಾಲು ಇಲ್ಲ.

ಡೆಕ್ಸಾಮೆಥಸೋನ್ ಲೆಕ್ಕ ಹೀಗೆ: ಒಂದು ಸಲಕ್ಕೆ 6 ಮಿಲಿಗ್ರಾಂ, ಸ್ನಾಯುವಿಗೆ, 12 ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ. ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ 2 ಎಂಎಲ್ ಇರುತ್ತದೆ, ಪ್ರತಿ ಎಂಎಲ್‌ಗೆ 4 ಮಿಲಿಗ್ರಾಂ. ಅಂದರೆ ಎಳೆದುಕೊಳ್ಳಬೇಕಾದ್ದು ಒಂದೂವರೆ ಎಂಎಲ್, ಇಡೀ ಬಾಟಲಿ ಅಲ್ಲ. ನಮ್ಮ ಗರ್ಭಿಣಿಗೆ ಮೊದಲ ಡೋಸ್ ಮಂಗಳವಾರ ರಾತ್ರಿ 10ಕ್ಕೆ ಸಿಕ್ಕಿತು. ಮಿಕ್ಕವು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ: ಬುಧವಾರ ಬೆಳಿಗ್ಗೆ 10, ರಾತ್ರಿ 10, ಗುರುವಾರ ಬೆಳಿಗ್ಗೆ 10. ಈ ನಡುವೆ ನೋವು ತಡೆಯಲು ನಿಫೆಡಿಪಿನ್ ಮಾತ್ರೆ ಕೊಡುತ್ತಾರೆ. ಅದು ಹೆರಿಗೆಯನ್ನು ವಾರಗಟ್ಟಲೆ ಮುಂದೂಡುವುದಿಲ್ಲ, ಎರಡು ದಿನ ಸಿಕ್ಕರೆ ಸಾಕು ಎಂಬ ಲೆಕ್ಕ.

ಇಲ್ಲಿ ತಪ್ಪುವುದು ಹೆಚ್ಚಾಗಿ ಕಾಗದದಲ್ಲಿ. ಮೊದಲ ಡೋಸ್ ಎಷ್ಟು ಹೊತ್ತಿಗೆ ಕೊಟ್ಟರು ಎಂದು ತಾಯಿ ಕಾರ್ಡಿನಲ್ಲೋ ರೆಫರಲ್ ಚೀಟಿಯಲ್ಲೋ ಬರೆಯದಿದ್ದರೆ, ಮುಂದಿನ ಆಸ್ಪತ್ರೆಯವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಇಲ್ಲವೇ "ಆಗಿದೆ" ಅಂದುಕೊಂಡು ಬಿಟ್ಟುಬಿಡುತ್ತಾರೆ. ಜೊತೆಯಲ್ಲಿ ಹೋಗುವ ಅತ್ತೆಯೋ ಗಂಡನೋ ಆ ಹೊತ್ತನ್ನು ಕೇಳಿ ಬರೆಸಿಕೊಳ್ಳಬೇಕು.

ಗುರುವಾರ ರಾತ್ರಿ 11ಕ್ಕೆ ಹೆರಿಗೆಯಾಯಿತು ಅಂದುಕೊಳ್ಳಿ. ಮೊದಲ ಡೋಸಿನಿಂದ 49 ಗಂಟೆ. ಇಷ್ಟರಲ್ಲಿ ಒಳಗೆ ಏನಾಯಿತು? ಸರ್ಫ್ಯಾಕ್ಟಂಟ್ ತುಂಬಿ ತುಳುಕಿತು ಎಂದು ಭಾವಿಸುವುದು ಸುಲಭ, ಆದರೆ ಅದರ ಸಂಗ್ರಹ ಹೆಚ್ಚಲು ಇನ್ನೂ ಕೆಲವು ದಿನ ಬೇಕು ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮೊದಲ ದಿನವೇ ಆಗುವ ಬದಲಾವಣೆ ಬೇರೆ. ಗಾಳಿಗೂಡುಗಳ ನಡುವಿನ ದಪ್ಪ ಗೋಡೆ ತೆಳುವಾಗುತ್ತದೆ. ದ್ರವವನ್ನು ಹೀರಿಕೊಳ್ಳುವ ಸೋಡಿಯಂ ದಾರಿಗಳು ಹೆಚ್ಚುತ್ತವೆ. ಮಗುವಿಗೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಸ್ವಲ್ಪ ಕಾಲ ಬೇಕಾಗಬಹುದು, ಆದರೆ ವೆಂಟಿಲೇಟರ್ ತಪ್ಪುವ ಸಾಧ್ಯತೆ ಹೆಚ್ಚು. ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವೂ ಕಡಿಮೆ. ಹೆರಿಗೆ ಬುಧವಾರವೇ ಆಗಿಬಿಟ್ಟಿದ್ದರೂ ಸಿಕ್ಕ ಒಂದೆರಡು ಡೋಸ್ ವ್ಯರ್ಥ ಅಲ್ಲ. "ಹೇಗೂ ಪೂರ್ತಿ ಆಗಲ್ಲ" ಎಂದು ಕೊಡದೇ ಇರುವುದು ಸರಿಯಲ್ಲ.

ಇಷ್ಟು ಒಳ್ಳೆಯದಾದರೆ ಅನುಮಾನ ಬಂದವರಿಗೆಲ್ಲ ಸುಮ್ನೆ ಕೊಟ್ಟರಾಯಿತು, ಅಲ್ವಾ? ಇಲ್ಲ. ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ನಮ್ಮ ಬೆಳಗಾವಿಯೂ ಇತ್ತು. ಹಳ್ಳಿ ಮಟ್ಟದಲ್ಲಿ ಈ ಇಂಜೆಕ್ಷನ್ ಹೆಚ್ಚಿಸಿದಾಗ ಸಾವಿರ ಶಿಶುಗಳಿಗೆ ಮೂರು ನಾಲ್ಕು ಸಾವು ಕಡಿಮೆಯಾಗುವ ಬದಲು ಹೆಚ್ಚಾಯಿತು, ತಾಯಂದಿರಲ್ಲಿ ಸೋಂಕೂ ಹೆಚ್ಚಾಯಿತು. ಅಲ್ಲಿ ಎಷ್ಟೋ ಜನರಿಗೆ ಸ್ಕ್ಯಾನ್ ಇರಲಿಲ್ಲ, ವಾರದ ಲೆಕ್ಕ ಅಂದಾಜಿನದು. ಇಂಜೆಕ್ಷನ್ ಪಡೆದ ಬಹಳ ತಾಯಂದಿರು ದಿನ ತುಂಬಿಯೇ ಹೆತ್ತರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಪ್ರಕಟವಾಯಿತು. ಅದು ನಡೆದದ್ದು ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ. ವಾರವನ್ನು ಸ್ಕ್ಯಾನ್‌ನಿಂದ ಖಚಿತ ಮಾಡಿಕೊಂಡು, 26ರಿಂದ 34 ವಾರದೊಳಗಿನವರಿಗೆ ಇದೇ ಡೆಕ್ಸಾ ಕೊಟ್ಟರು. ಮೊದಲ 28 ದಿನದಲ್ಲಿ ಸಾಯುವ ಶಿಶುಗಳು ನೂರಕ್ಕೆ ಸುಮಾರು 24ರಿಂದ 20ಕ್ಕೆ ಇಳಿದವು. ಮದ್ದು ಅದೇ. ವಾರ ಸರಿಯಾಗಿ ಗೊತ್ತಿದ್ದದ್ದು, ಹೆರಿಗೆ ನಿಜವಾಗಿ ಹತ್ತಿರ ಇದ್ದದ್ದು, ಹುಟ್ಟಿದ ಮಗುವಿಗೆ ಆರೈಕೆ ಸಿಕ್ಕಿದ್ದು ಬೇರೆ.

ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ಪದೇ ಪದೇ ನೋಡಬೇಕು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣವೂ ಏರುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಸೋಂಕು ಎನ್ನಲಾಗದು. ಆದರೆ ಜ್ವರ, ಹೊಟ್ಟೆ ನೋವು, ವಾಸನೆ ಬರುವ ನೀರು ಇದ್ದರೆ ಗರ್ಭದೊಳಗೇ ಸೋಂಕಾಗಿರಬಹುದು. ಆಗ 48 ಗಂಟೆ ಸಿಗಲಿ ಎಂದು ಹೆರಿಗೆ ತಡೆಯುತ್ತಾ ಕೂರುವಂತಿಲ್ಲ. ಇಂಜೆಕ್ಷನ್ ಆದ ಒಂದೆರಡು ದಿನ ಮಗುವಿನ ಮಿಸುಕಾಟ ಕಡಿಮೆ ಅನ್ನಿಸಬಹುದು. ಮದ್ದಿನಿಂದಲೇ ಎಂದು ಮನೆಯಲ್ಲೇ ತೀರ್ಮಾನಿಸದೆ ವೈದ್ಯರಿಗೆ ಹೇಳಬೇಕು.

ಇನ್ನು, ನಮ್ಮ ಉದಾಹರಣೆಯ ಗರ್ಭಿಣಿಗೆ ನೋವು ನಿಂತೇಹೋಗಿ ಮನೆಗೆ ವಾಪಸ್ ಬಂದರು ಅಂದುಕೊಳ್ಳಿ. ಹಾಗೆ ಆಗುವುದು ಅಪರೂಪವಲ್ಲ. ಇಂಜೆಕ್ಷನ್ನಿನ ಲಾಭ ಹೆಚ್ಚು ಕಾಣುವುದು ಒಂದು ದಿನದಿಂದ ಏಳು ದಿನದೊಳಗೆ ಹೆರಿಗೆಯಾದರೆ, ಆಮೇಲೆ ಕುಗ್ಗುತ್ತದೆ. 33ನೇ ವಾರದಲ್ಲಿ ಮತ್ತೆ ನೋವು ಬಂದರೆ ಇನ್ನೊಂದು ಕೋರ್ಸ್ ಕೊಡುವುದನ್ನು ವೈದ್ಯರು ಯೋಚಿಸಬಹುದು, ಒಂದೇ ಸಲ. ವಾರವಾರವೂ ಕೊಡುತ್ತಾ ಹೋದರೆ ಮಗುವಿನ ತೂಕ ಕಡಿಮೆಯಾಗುತ್ತದೆ ಎಂದು ಗೊತ್ತಾಗಿದೆ.